ಫೋನ್ ತುಂಬಿದೆ ಅಂತ ಕ್ಯಾಮೆರಾ ರೀಸೆಟ್ ಮಾಡುವ ಮುಂಚೆ ಇದನ್ನು ಓದಿ

ತಂಗಿಯ ಮದುವೆಯ ಧಾರೆ ವಿಡಿಯೋ ನನ್ನ ಕೈಯಾರೆ ಹೋಯಿತು. ನಿಮಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ನನ್ನದು ಮೆಮೊರಿ ಕಾರ್ಡ್ ಹಾಕುವ ಆಂಡ್ರಾಯ್ಡ್ ಫೋನ್. ಫೋಟೋ, ವಿಡಿಯೋ ಎಲ್ಲ ಕಾರ್ಡಿಗೇ ಹೋಗುವಂತೆ ಇಟ್ಟಿದ್ದೆ. ಕಾರ್ಡಿನಲ್ಲಿ ಬೇಕಾದಷ್ಟು ಜಾಗವಿತ್ತು. ಆದರೆ ಫೋನಿನ ಒಳಗಿನ ಮೆಮೊರಿ ಫಾರ್ವರ್ಡ್ ವಿಡಿಯೋಗಳಿಂದ ತುಂಬಿಹೋಗಿತ್ತು. ಫೋಟೋ ಕಾರ್ಡಿಗೆ ಹೋದರೂ ಕ್ಯಾಮೆರಾ ಆ್ಯಪ್ ನಡೆಯಲು ಒಳಗೂ ಸ್ವಲ್ಪ ಜಾಗ ಬೇಕೇ ಬೇಕು. ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಕ್ಯಾಮೆರಾ ತೆರೆದರೆ ಬರೀ ಕಪ್ಪು ಪರದೆ. ಆಮೇಲೆ ತಾನಾಗಿಯೇ ಮುಚ್ಚಿಕೊಂಡಿತು.

ಗಡಿಬಿಡಿಯಲ್ಲಿ ಗ್ಯಾಲರಿಯಿಂದ ಸುಮಾರು 3 ಜಿಬಿ ವಿಡಿಯೋ ಅಳಿಸಿದೆ. ಜಾಗ ಒಂಚೂರೂ ಹೆಚ್ಚಲಿಲ್ಲ. ಅಳಿಸಿದ್ದೆಲ್ಲ ಬಿನ್‌ಗೆ ಹೋಗಿ ಕೂತಿತ್ತು. ಅದನ್ನು ಖಾಲಿ ಮಾಡುವವರೆಗೆ ಜಾಗ ಸಿಗುವುದಿಲ್ಲ ಅನ್ನೋದು ಆಗ ಹೊಳೆಯಲೇ ಇಲ್ಲ. ಬೇರೆ ಆ್ಯಪ್‌ಗಳ ಕ್ಯಾಶ್ ಅಳಿಸಿದಾಗ 600 ಎಂಬಿ ಸಿಕ್ಕಿತು. ಕ್ಯಾಮೆರಾದ ಕ್ಯಾಶ್ ಇದ್ದದ್ದೇ ಕೆಲವು ಎಂಬಿ.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಕ್ಯಾಮೆರಾ ಇನ್ನೂ ತಡವರಿಸುತ್ತಿದೆ ಅಂತ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್‌ನಲ್ಲಿ ಕ್ಯಾಮೆರಾ ಆರಿಸಿ, ಸ್ಟೋರೇಜ್ ಒತ್ತಿ 'ಕ್ಲಿಯರ್ ಡೇಟಾ' ಮಾಡಿಬಿಟ್ಟೆ. ಇದರಿಂದ ತೆಗೆದ ಫೋಟೋಗಳು ಹೋಗುವುದಿಲ್ಲ, ಆ ಭಯ ಬೇಡ. ಆದರೆ ಕ್ಯಾಮೆರಾದೊಳಗಿನ ಸೆಟ್ಟಿಂಗ್‌ಗಳೆಲ್ಲ ಮೊದಲಿನಂತಾಗುತ್ತವೆ. ನನ್ನ ಫೋನಿನಲ್ಲಿ ಸೇವ್ ಆಗುವ ಜಾಗವೂ ಕಾರ್ಡಿನಿಂದ ಫೋನ್ ಮೆಮೊರಿಗೆ ಬದಲಾಯಿತು. ನಾನು ನೋಡಲಿಲ್ಲ. ಕ್ಯಾಮೆರಾ ತೆರೆಯಿತಲ್ಲ, ಸಾಕು ಅಂತ ಮಂಟಪಕ್ಕೆ ಓಡಿದೆ.

1080ಪಿ ವಿಡಿಯೋ ನಿಮಿಷಕ್ಕೆ ಸುಮಾರು 130 ಎಂಬಿ ತಿನ್ನುತ್ತದೆ. 600 ಎಂಬಿ ಅಂದರೆ ನಾಲ್ಕೂವರೆ ನಿಮಿಷ. ಅಪ್ಪ ಧಾರೆ ಎರೆಯುತ್ತಿದ್ದರು, ಅಮ್ಮನ ಕೈ ನಡುಗುತ್ತಿತ್ತು. ಅಷ್ಟರಲ್ಲಿ ಪರದೆ ನಿಂತುಬಿಟ್ಟಿತು. ಗಾಬರಿಯಲ್ಲಿ ಪವರ್ ಬಟನ್ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡಿದೆ.

ದೊಡ್ಡ ತಪ್ಪು ಅದೇ. ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದ ಮೇಲೇ ಯಾವ ದೃಶ್ಯ ಎಲ್ಲಿದೆ ಅನ್ನೋ ಪಟ್ಟಿ ಎಂಪಿ4 ಫೈಲಿಗೆ ಸೇರುತ್ತದೆ. ಅದು ಸೇರುವ ಮುಂಚೆಯೇ ಫೋನ್ ಆಫ್ ಆದರೆ ದೃಶ್ಯಗಳಿದ್ದರೂ ಫೈಲ್ ತೆರೆಯುವುದಿಲ್ಲ. ನನ್ನ ಫೈಲಿನ ಗಾತ್ರ 570 ಎಂಬಿ, ಅವಧಿ 0:00.

ಕ್ಯಾಮೆರಾ ಹೀಗೆ ನಿಂತರೆ ಒಂದೆರಡು ನಿಮಿಷ ಸುಮ್ನೆ ಕಾಯಿರಿ. ಎಷ್ಟೋ ಸಲ ತಾನೇ ಸೇವ್ ಮಾಡಿ ಮುಚ್ಚಿಕೊಳ್ಳುತ್ತದೆ. ರೀಸೆಟ್ ಮಾಡಲೇಬೇಕಾಗಿ ಬಂದರೆ, ಆಮೇಲೆ ಹತ್ತು ಸೆಕೆಂಡ್ ವಿಡಿಯೋ ತೆಗೆದು ಅದು ಎಲ್ಲಿ ಸೇವ್ ಆಗಿದೆ ಅಂತ ಗ್ಯಾಲರಿಯ ಡೀಟೇಲ್ಸ್‌ನಲ್ಲಿ ನೋಡಿ. ತೆರೆಯದ ಫೈಲ್ ಇದ್ದರೆ ಅಳಿಸಬೇಡಿ. ಅದೇ ಫೋನಿನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಸರಿಯಾದ ವಿಡಿಯೋ ಒಂದನ್ನು ಮಾದರಿಯಾಗಿ ಕೊಟ್ಟರೆ untrunc ಎಂಬ ಉಚಿತ ಪ್ರೋಗ್ರಾಂ ಕೆಲವೊಮ್ಮೆ ರಿಪೇರಿ ಮಾಡುತ್ತದೆ. ನನಗೆ ಮೊದಲ ಎರಡು ನಿಮಿಷ ಸಿಕ್ಕಿತು. ಧಾರೆ ಎರೆದದ್ದು ಅದರಲ್ಲಿಲ್ಲ.