ಹೆಸರು ಬದಲಾಯಿಸಿದೆ, ನಾಯಿ ಮಾತು ಕೇಳಲಿಲ್ಲ: ನಾಲ್ಕು ಕಡೆ ಗೇಮರ್‌ಟ್ಯಾಗ್ ಬದಲಿಸಿ ನೋಡಿದ ಕಥೆ

ಪಿಯುಸಿಯಲ್ಲಿ ಇಟ್ಟುಕೊಂಡ ಹೆಸರು `RowdyRaja_143`. ಆಗ ಅದು ಭಾರಿ ಅನ್ನಿಸಿತ್ತು. ಈಗ ಆಫೀಸಿನ ಮ್ಯಾನೇಜರ್ "ಒಂದು ಮ್ಯಾಚ್ ಆಡೋಣ, ಐಡಿ ಕಳಿಸಿ" ಅಂದಾಗ ಮೈಯೆಲ್ಲ ಬೆವರಿತು. ಹಾಗಾಗಿ ಎಲ್ಲಾ ಕಡೆ `Kadlekai` ಅಂತ ಬದಲಿಸೋಣ ಅಂತ ಕೂತೆ. ಹೆದರಿಕೆ ಇದ್ದದ್ದು ಮೂರೇ ವಿಷಯಕ್ಕೆ: ಫ್ರೆಂಡ್ಸ್ ಲಿಸ್ಟ್ ಹೋಗುತ್ತಾ, ದುಡ್ಡು ಕೊಟ್ಟು ತಗೊಂಡ ಗೇಮ್‌ಗಳು ಹೋಗುತ್ತವಾ, ವರ್ಷಗಟ್ಟಲೆ ಕೂತು ತೆಗೆದ ಅಚೀವ್‌ಮೆಂಟ್‌ಗಳು ಹೋಗುತ್ತವಾ.

ಮೊದಲು ಸ್ಟೀಮ್, ಯಾಕಂದ್ರೆ ಅಲ್ಲಿ ಸುಲಭ. ಪ್ರೊಫೈಲ್ ಎಡಿಟ್‌ಗೆ ಹೋಗಿ ಹೆಸರು ಬದಲಿಸಿದೆ, ಮುಗೀತು. ದುಡ್ಡಿಲ್ಲ, ಕಾಯೋದಿಲ್ಲ, ಬೇರೆ ಯಾರೋ ಅದೇ ಹೆಸರು ಇಟ್ಟುಕೊಂಡಿದ್ದರೂ ತೊಂದರೆ ಇಲ್ಲ. ಕನ್ನಡ ಲಿಪಿಯಲ್ಲೇ `ಕಡ್ಲೆಕಾಯಿ` ಅಂತಲೂ ಇಟ್ಟು ನೋಡಿದೆ, ಪ್ರೊಫೈಲಿನಲ್ಲಿ ಚೆನ್ನಾಗಿ ಕಂಡಿತು. ಆದರೆ ಒಂದು ಹಳೇ ಗೇಮಿನೊಳಗೆ ಬರೀ ಡಬ್ಬಗಳು ಬಂದವು, ಅದರ ಫಾಂಟಿನಲ್ಲಿ ಕನ್ನಡ ಇರಲಿಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರಕ್ಕೇ ವಾಪಸ್ ಬಂದೆ. ಇಲ್ಲಿ ನಿಮ್ಮ ನಿಜವಾದ ಗುರುತು 17 ಅಂಕಿಯ ಸ್ಟೀಮ್ ಐಡಿ. ಗೇಮ್‌ಗಳು, ಫ್ರೆಂಡ್ಸ್, ಅಚೀವ್‌ಮೆಂಟ್ ಎಲ್ಲವೂ ಆ ನಂಬರಿಗೇ ಅಂಟಿಕೊಂಡಿರುತ್ತವೆ, ಹೆಸರು ಮೇಲೆ ಹಚ್ಚಿದ ಸ್ಟಿಕ್ಕರ್ ಅಷ್ಟೇ. ಎರಡು ವಿಷಯ ಮಾತ್ರ ಗೊತ್ತಿರಲಿ. ಲಾಗಿನ್ ಆಗೋ ಅಕೌಂಟ್ ಹೆಸರು ಯಾವತ್ತೂ ಬದಲಾಗೋದಿಲ್ಲ, ಅಂದರೆ ಲಾಗಿನ್ ಪರದೆಯಲ್ಲಿ ನಾನು ಇವತ್ತಿಗೂ ರೌಡಿ ರಾಜನೇ. ಇನ್ನೊಂದು, ಪ್ರೊಫೈಲಿನಲ್ಲಿ ಹೆಸರಿನ ಪಕ್ಕದ ಬಾಣ ಒತ್ತಿದರೆ ಹಳೇ ಹೆಸರುಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಅದನ್ನು ಅಳಿಸೋ ಆಯ್ಕೆ ಅಲ್ಲೇ ಇದೆ. ಮ್ಯಾನೇಜರಿಗೆ ಐಡಿ ಕಳಿಸೋ ಮೊದಲು ನಾನು ಅಳಿಸಿದೆ.

ಎಕ್ಸ್‌ಬಾಕ್ಸ್‌ನಲ್ಲೂ ಅದೇ ರೀತಿ, ಒಳಗಿನ ನಂಬರ್ ಬೇರೆ, ಕಾಣೋ ಟ್ಯಾಗ್ ಬೇರೆ. ಮೊದಲ ಸಲ ಉಚಿತ, ಆಮೇಲೆ ಪ್ರತಿ ಸಲ ದುಡ್ಡು, ಅಮೆರಿಕದ ಲೆಕ್ಕದಲ್ಲಿ 9.99 ಡಾಲರ್. ಹಾಗಾಗಿ ಆ ಉಚಿತ ಅವಕಾಶವನ್ನು ಸುಮ್ನೆ ತಮಾಷೆಗೆ ಖರ್ಚು ಮಾಡಬೇಡಿ. 2019ರಿಂದ ಇಲ್ಲಿ ಹೊಸ ಪದ್ಧತಿ ಇದೆ: 12 ಅಕ್ಷರದೊಳಗೆ ಏನು ಬೇಕಾದರೂ ಕೇಳಬಹುದು, ಬೇರೆಯವರ ಹತ್ತಿರ ಆಗಲೇ ಇದ್ದರೆ ಹಿಂದೆ ಒಂದು ನಂಬರ್ ಬಾಲ ಬರುತ್ತದೆ. ನನಗೆ ಬಾಲ ಸಿಕ್ಕಿತು. ಹೊಸ ಗೇಮ್‌ಗಳಲ್ಲಿ ಆ ಬಾಲ ಸಣ್ಣದಾಗಿ ಕಾಣುತ್ತದೆ, ಹಳೇ ಗೇಮ್‌ಗಳಲ್ಲಿ ಹೆಸರಿಗೇ ಅಂಟಿಕೊಂಡು ಆಟೋ ನಂಬರಿನ ಹಾಗೆ ಕಾಣುತ್ತದೆ. ಗೇಮರ್‌ಸ್ಕೋರ್ ಒಂದು ಪಾಯಿಂಟೂ ಕದಲಲಿಲ್ಲ, ತಗೊಂಡ ಗೇಮ್‌ಗಳೂ ಇದ್ದ ಹಾಗೇ ಇದ್ದವು. ಫ್ರೆಂಡ್ಸ್ ಎಲ್ಲರೂ ಇದ್ದರು, ಆದರೆ ಇಬ್ಬರು "ಯಾರಪ್ಪಾ ನೀನು, ಯಾವಾಗ ಆಡ್ ಮಾಡಿದ್ದೆ?" ಅಂತ ಮೆಸೇಜ್ ಹಾಕಿದರು. ಒಬ್ಬನಂತೂ ಕೇಳದೇ ತೆಗೆದುಹಾಕಿದ್ದ.

ಈ ವಿಷಯದಲ್ಲಿ ಪ್ಲೇಸ್ಟೇಷನ್ ವಾಸಿ. ಬದಲಿಸುವಾಗಲೇ, ಹೊಸ ಐಡಿ ಪಕ್ಕದಲ್ಲಿ ಹಳೇದನ್ನೂ 30 ದಿನ ತೋರಿಸಲಾ ಅಂತ ಕೇಳುತ್ತದೆ. ಹೂಂ ಅನ್ನಿ, ಯಾರೂ ಕಕ್ಕಾಬಿಕ್ಕಿ ಆಗೋದಿಲ್ಲ. ಬೆಲೆಯೂ ಹಾಗೇ: ಮೊದಲನೆಯದು ಉಚಿತ, ಆಮೇಲೆ 9.99 ಡಾಲರ್, ಪ್ಲೇಸ್ಟೇಷನ್ ಪ್ಲಸ್ ಸದಸ್ಯರಿಗೆ 4.99. ಆದರೆ ಇಲ್ಲಿ ಒಂದೇ ಹೆಸರು ಇಬ್ಬರಿಗೆ ಇಲ್ಲ, ಬಾಲದ ವ್ಯವಸ್ಥೆಯೂ ಇಲ್ಲ, ಹಾಗಾಗಿ ನಾನು `Kadlekai_Raja` ಆಗಬೇಕಾಯಿತು. ರಾಜ ಬಿಡಲೇ ಇಲ್ಲ ನೋಡಿ.

ನಿಜವಾಗಿ ಯೋಚಿಸಬೇಕಾದದ್ದು ಹಳೇ ಗೇಮ್‌ಗಳ ಬಗ್ಗೆ. ಪ್ಲೇಸ್ಟೇಷನ್‌ನಲ್ಲಿ ಐಡಿ ಬದಲಿಸೋ ಸೌಲಭ್ಯ ಬಂದದ್ದೇ 2019ರ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲು ಐಡಿ ಬದಲಾಗೋದೇ ಇಲ್ಲ ಅಂತ ನಂಬಿ ಮಾಡಿದ ಗೇಮ್‌ಗಳಿವೆ, ಅವುಗಳಲ್ಲಿ ಕೆಲವು ಆಟಗಾರನನ್ನು ಹೆಸರಿನಿಂದಲೇ ಗುರುತಿಸುತ್ತವೆ. 2018ರ ಏಪ್ರಿಲ್ 1ರ ನಂತರ ಬಂದ ಪಿಎಸ್4 ಗೇಮ್‌ಗಳಿಗೆ ಈ ಬದಲಾವಣೆ ತಿಳಿದಿರಬೇಕು ಅನ್ನೋದು ಲೆಕ್ಕ. ಅದಕ್ಕಿಂತ ಹಳೇದರಲ್ಲಿ ಸೇವ್, ಆಟದೊಳಗಿನ ಕರೆನ್ಸಿ, ಖರೀದಿಸಿದ ಹೆಚ್ಚುವರಿ ಸಾಮಾನು ಹೋಗಬಹುದು, ಟ್ರೋಫಿ ಕೂಡ ತೊಡಕಾಗಬಹುದು ಅಂತ ಸೋನಿಯವರೇ ಎಚ್ಚರಿಕೆ ಕೊಡುತ್ತಾರೆ, ತೊಂದರೆ ಇರೋ ಗೇಮ್‌ಗಳ ಪಟ್ಟಿಯನ್ನೂ ಹಾಕಿದ್ದಾರೆ. ಬದಲಿಸೋ ಮುಂಚೆ ಆ ಪಟ್ಟಿ ನೋಡಿ. ಕೆಟ್ಟರೆ ಹಳೇ ಐಡಿಗೆ ವಾಪಸ್ ಹೋಗಲು ದುಡ್ಡಿಲ್ಲ, ಹೆಚ್ಚಿನ ತೊಂದರೆಗಳು ಅದರಿಂದ ಸರಿಯಾಗುತ್ತವೆ ಅಂತಾರೆ. ನಾನು ಆಡೋದೆಲ್ಲ ಹೊಸ ಗೇಮ್‌ಗಳು, ಏನೂ ಆಗಲಿಲ್ಲ.

ನನಗೆ ಆದದ್ದು ಮೈನ್‌ಕ್ರಾಫ್ಟ್‌ನಲ್ಲಿ, ಅದೂ ನನ್ನದೇ ತಪ್ಪಿನಿಂದ.

ಜಾವಾ ಆವೃತ್ತಿಯಲ್ಲಿ 2015ರಿಂದ ಹೆಸರು ಬದಲಿಸಬಹುದು, ಉಚಿತ, 30 ದಿನಕ್ಕೊಮ್ಮೆ. ಸಾಮಾನ್ಯ ಸರ್ವರ್‌ನಲ್ಲಿ ಏನೂ ಆಗೋದಿಲ್ಲ, ಅಲ್ಲಿ ಗುರುತು ಯುಯುಐಡಿ ಅನ್ನೋ ಉದ್ದನೆಯ ನಂಬರ್. ಆದರೆ ತೀರ್ಥಹಳ್ಳಿ ಕಡೆಯ ಅಜ್ಜಿ ಮನೆಯಲ್ಲಿ ಚಿಕ್ಕಮ್ಮನ ಮಗನ ಜೊತೆ ಆಡಲು ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಸರ್ವರ್ ಹಾಕಿದ್ದೆ, ಆವೃತ್ತಿ 1.20. ಮಳೆ ಬಂದರೆ ಅಲ್ಲಿ ಇಂಟರ್ನೆಟ್ ಇರೋದಿಲ್ಲ, ಅದಕ್ಕೆ `online-mode=false` ಮಾಡಿದ್ದೆ. ಹಾಗೆ ಮಾಡಿದರೆ ಸರ್ವರ್ ಯಾರನ್ನೂ ಕೇಳದೆ, ನಿಮ್ಮ ಹೆಸರಿನಿಂದಲೇ ಲೆಕ್ಕ ಹಾಕಿ ಯುಯುಐಡಿ ಹುಟ್ಟಿಸುತ್ತದೆ. ಹೆಸರು ಬೇರೆಯಾದರೆ ನಂಬರ್ ಬೇರೆ, ಅಂದರೆ ನೀವು ಬೇರೆ ಮನುಷ್ಯ. ದೊಡ್ಡ ಕೆ ಬದಲು ಸಣ್ಣ ಕೆ ಹಾಕಿದರೂ ಬೇರೆ ಮನುಷ್ಯನೇ.

ಹೊಸ ಹೆಸರಲ್ಲಿ ಒಳಗೆ ಹೋದೆ. ಬರಿಗೈ. ವಜ್ರದ ಕವಚ ಇಲ್ಲ, ಎಂಡರ್ ಪೆಟ್ಟಿಗೆ ಖಾಲಿ, ಎದ್ದದ್ದು ಹಾಸಿಗೆಯ ಹತ್ತಿರ ಅಲ್ಲ, ಲೋಕದ ಶುರುವಿನ ಜಾಗದಲ್ಲಿ. ಮನೆ, ಮರದ ಪೆಟ್ಟಿಗೆಗಳು ಮಾತ್ರ ಹಾಗೇ ಇದ್ದವು, ಯಾಕಂದ್ರೆ ಅವು ಲೋಕದ ಸ್ವತ್ತು, ನನ್ನದಲ್ಲ. "ಅಣ್ಣಾ, ನೀನು ಯಾರೋ ಹೊಸಬ ಅಂದ್ಕೊಂಡು ಬಾಣ ಬಿಡೋಕೆ ಹೋಗಿದ್ದೆ" ಅಂದ ತಮ್ಮ.

ಸರಿ ಮಾಡಿದ್ದು ಹೀಗೆ. ಸರ್ವರ್ ನಿಲ್ಲಿಸಿ, ವರ್ಲ್ಡ್ ಫೋಲ್ಡರಿನ ಕಾಪಿ ಇಟ್ಟುಕೊಂಡೆ. `usercache.json` ತೆರೆದರೆ ಹಳೇ ಹೆಸರು, ಹೊಸ ಹೆಸರು ಎರಡರ ಯುಯುಐಡಿಯೂ ಸಿಗುತ್ತವೆ. ಆಮೇಲೆ `playerdata` ಒಳಗೆ ಹೊಸ ನಂಬರಿನ `.dat` ಫೈಲ್ ಅಳಿಸಿ, ಹಳೇ ಫೈಲಿಗೆ ಆ ಹೊಸ ನಂಬರನ್ನೇ ಹೆಸರಾಗಿ ಕೊಟ್ಟೆ. `advancements` ಮತ್ತು `stats` ಫೋಲ್ಡರಿನಲ್ಲೂ ಇದನ್ನೇ ಮಾಡಬೇಕು. ಮೊದಲ ಸಲ ನಾನು ಅವೆರಡನ್ನೂ ಮರೆತಿದ್ದೆ, ಸಾಮಾನು ವಾಪಸ್ ಬಂತು, ಆದರೆ ಸಾಧನೆಗಳೆಲ್ಲ ಸೊನ್ನೆಯಾಗಿದ್ದವು. ಅಡ್ಮಿನ್ ಅಧಿಕಾರವೂ ಹೋಗಿರುತ್ತದೆ, ಸರ್ವರ್ ಕನ್ಸೋಲಿನಲ್ಲಿ `op Kadlekai` ಅಂತ ಕೊಡಬೇಕು.

ಎಲ್ಲಾ ಬಂತು, ನಾಯಿ ಬಿಟ್ಟು. ಬಾಗಿಲಲ್ಲಿ ಕೂರಿಸಿ ಹೋಗಿದ್ದೆ, ಅಲ್ಲೇ ಕೂತಿತ್ತು, ಎಷ್ಟು ಒತ್ತಿದರೂ ಏಳಲಿಲ್ಲ. ಅದರ ಮೈಮೇಲೆ ಯಜಮಾನನ ಯುಯುಐಡಿ ಬರೆದಿರುತ್ತದೆ, ಅದು ಇನ್ನೂ ರೌಡಿ ರಾಜನದೇ. ಪಕ್ಕದಲ್ಲಿ ನಿಂತು ಈ ಕಮಾಂಡ್ ಕೊಟ್ಟೆ:

```
/data modify entity @e[type=wolf,limit=1,sort=nearest] Owner set from entity @p UUID
```

ಆಮೇಲೆ ಒಂದು ಸಲ ಒತ್ತಿದೆ, ನಾಯಿ ಎದ್ದು ಹಿಂದೆ ಬಂತು. ತಮ್ಮನಿಗೂ ಈಗ ಹೆಸರು ಬದಲಿಸಬೇಕಂತೆ, ಅವನ ಹತ್ತಿರ ಹನ್ನೊಂದು ಬೆಕ್ಕುಗಳಿವೆ.