ಹತ್ತು ವರ್ಷ ಇಟ್ಟುಕೊಂಡ ಝೀರೋ ಕೂಪನ್ ಬಾಂಡ್: 13,578 ಹೇಗೆ 30,000 ಆಯ್ತು

2010ರ ಡಿಸೆಂಬರಿನಲ್ಲಿ ಸರ್ಕಾರಿ ಕಂಪನಿ ಆರ್‌ಇಸಿಯ ಝೀರೋ ಕೂಪನ್ ಬಾಂಡ್ ಹತ್ತು ತಗೊಂಡೆ. ಒಂದೊಂದರ ಮುಖಬೆಲೆ, ಅಂದರೆ ಕೊನೆಗೆ ಕೈಗೆ ಬರುವ ದುಡ್ಡು, 30,000 ರೂಪಾಯಿ. ಕೊಟ್ಟಿದ್ದು 13,578. ಅವಧಿ ಹತ್ತು ವರ್ಷ. ನಡುವೆ ಒಂದು ಪೈಸೆ ಬಡ್ಡಿಯೂ ಬರುವುದಿಲ್ಲ. ಮಗಳು ಕಾಲೇಜಿಗೆ ಹೋಗುವ ಹೊತ್ತಿಗೆ ದುಡ್ಡು ಬೇಕಿತ್ತು, ಅಲ್ಲಿಯವರೆಗೆ ಬೇಡವಾಗಿತ್ತು. ಅದಕ್ಕೇ ಇದನ್ನು ಆರಿಸಿಕೊಂಡೆ. ಪೂರ್ತಿ ಹತ್ತು ವರ್ಷ ಇಟ್ಟುಕೊಂಡು ಮುಗಿಸಿದ್ದೇನೆ, ಹಾಗಾಗಿ ಇದರ ಬೆಲೆ ಹೇಗೆ ನಡೆಯುತ್ತದೆ ಅನ್ನುವುದನ್ನು ನೋಡಿದ ಹಾಗೆ ಬರೆಯುತ್ತಿದ್ದೇನೆ.

ಮೊದಲ ಗೊಂದಲ ಮನೆಯಲ್ಲೇ ಆಯ್ತು. 2011ರಲ್ಲಿ ಬಂದ ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ ಬಾಂಡಿನ ಮುಂದೆ 30,000 ಅಂತ ಅಚ್ಚಾಗಿತ್ತು. ಹತ್ತು ಬಾಂಡಿಗೆ 3 ಲಕ್ಷ. ಹೆಂಡತಿ ನೋಡಿ "ಒಂದೇ ವರ್ಷಕ್ಕೆ ಡಬಲ್ ಆಯ್ತಾ?" ಅಂದಳು. ಆಗಿರಲಿಲ್ಲ. ಅವರು ಮುಖಬೆಲೆಯನ್ನೇ ಇವತ್ತಿನ ಬೆಲೆ ಅಂತ ಹಾಕಿದ್ದರು. ಮುಂದಿನ ವರ್ಷ ಅದೇ ಜಾಗದಲ್ಲಿ ಯಾವಾಗಲೋ ನಡೆದ ಕೊನೆಯ ವ್ಯವಹಾರದ ಬೆಲೆ ಇತ್ತು. ಅದೂ ಸರಿಯಲ್ಲ, ಯಾಕೆಂದರೆ ಈ ಬಾಂಡ್ ವಾರಗಟ್ಟಲೆ ಕೈ ಬದಲಾಯಿಸುವುದೇ ಇಲ್ಲ. ಕೊನೆಗೆ ನಾನೇ ಲೆಕ್ಕ ಹಾಕೋಕೆ ಶುರು ಮಾಡಿದೆ. ಎಕ್ಸೆಲ್‌ನಲ್ಲಿ ಒಂದೇ ಸಾಲು:

```
=30000/(1+0.0825)^10
```

ಉತ್ತರ 13,578ರ ಸುತ್ತ ಬರುತ್ತದೆ. ಅಂದರೆ ಕಂಪನಿ ಸುಮ್ನೆ ಒಂದು ಬೆಲೆ ಇಟ್ಟಿದ್ದಲ್ಲ. ವರ್ಷಕ್ಕೆ 8.25% ಚಕ್ರಬಡ್ಡಿ ಸಿಗಬೇಕು, ಹತ್ತು ವರ್ಷದ ನಂತರ ಕೈಗೆ 30,000 ಬರಬೇಕು ಅಂದರೆ ಇವತ್ತು ಎಷ್ಟು ಇಡಬೇಕು ಅಂತ ಹಿಂದಕ್ಕೆ ಎಣಿಸಿದ ಸಂಖ್ಯೆ ಅದು. 30,000ವನ್ನು 1.0825ರಿಂದ ಹತ್ತು ಸಲ ಭಾಗಿಸಿದರೆ ಆಯ್ತು.

ಬೆಲೆ ಮೆಲ್ಲಗೆ ಮೇಲೇರುವ ಗುಟ್ಟೂ ಅಲ್ಲೇ ಇದೆ. ಒಂದು ವರ್ಷ ಕಳೆದ ಮೇಲೆ ಹತ್ತು ಸಲ ಭಾಗಿಸಬೇಕಾಗಿಲ್ಲ, ಒಂಬತ್ತು ಸಲ ಸಾಕು. ಬೆಲೆ 14,698 ಆಗುತ್ತದೆ. ಐದು ವರ್ಷ ಆದಾಗ ಐದೇ ಸಲ: 20,183. ಕೊನೆಯ ದಿನ ಭಾಗಿಸುವುದಕ್ಕೆ ಏನೂ ಉಳಿದಿರುವುದಿಲ್ಲ, 30,000 ಹಾಗೇ ನಿಲ್ಲುತ್ತದೆ. ಕಂಪನಿ ಚೆನ್ನಾಗಿ ನಡೆಯಿತು ಅಂತಲೋ, ಬಾಂಡಿಗೆ ಬೇಡಿಕೆ ಬಂತು ಅಂತಲೋ ಬೆಲೆ ಏರಿದ್ದಲ್ಲ. ಕಾಯುವ ಕಾಲ ಕಡಿಮೆಯಾಗುತ್ತಾ ಹೋಯ್ತು, ಕಾಯುವುದಕ್ಕೆ ಸಿಕ್ಕಿದ್ದ ರಿಯಾಯಿತಿ ಕರಗುತ್ತಾ ಹೋಯ್ತು, ಅಷ್ಟೇ.

ಬಡ್ಡಿದರ ಬದಲಾಗದೇ ಇದ್ದರೂ ಈ ಏರಿಕೆ ನೇರ ಗೆರೆಯಲ್ಲ. ಮೊದಲ ವರ್ಷ ಬಾಂಡಿಗೆ 1,120 ರೂಪಾಯಿ, ಅಂದರೆ ದಿನಕ್ಕೆ ಮೂರು ರೂಪಾಯಿ ಸೇರುತ್ತದೆ. ಕೊನೆಯ ವರ್ಷ 27,713ರಿಂದ 30,000ಕ್ಕೆ, ದಿನಕ್ಕೆ ಆರು ರೂಪಾಯಿಗಿಂತ ಜಾಸ್ತಿ. ಶೇಕಡಾ ಲೆಕ್ಕದಲ್ಲಿ ಎರಡೂ 8.25 ಮಾತ್ರ. ಆದರೆ ಕೈಯಲ್ಲಿ ಹಿಡಿದವನಿಗೆ ಮೊದಲ ಮೂರ್ನಾಲ್ಕು ವರ್ಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಹಲಸಿನ ಗಿಡ ನೆಟ್ಟು ದಿನಾ ನೋಡಿದ ಹಾಗೆ.

ಆಮೇಲೆ 2013 ಬಂತು. ರೂಪಾಯಿ ಕುಸಿಯುತ್ತಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹಣದ ಹರಿವನ್ನು ಬಿಗಿ ಮಾಡಿತು. ಆಗಸ್ಟ್‌ನಲ್ಲಿ ಹತ್ತು ವರ್ಷದ ಸರ್ಕಾರಿ ಸಾಲಪತ್ರದ ಇಳುವರಿಯೇ, ಅಂದರೆ ಕೊಂಡವರಿಗೆ ವರ್ಷಕ್ಕೆ ಸಿಗುವ ದರವೇ, 9% ದಾಟಿತು. ಸರ್ಕಾರವೇ ಅಷ್ಟು ಕೊಡುವಾಗ ನನ್ನ 8.25% ಬಾಂಡನ್ನು ಅದೇ ಬೆಲೆಗೆ ಯಾರು ಕೊಳ್ಳುತ್ತಾರೆ? ಕೊಳ್ಳುವವನು 10% ಕೇಳುತ್ತಾನೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ಇನ್ನೂ ಏಳು ವರ್ಷ ನಾಲ್ಕು ತಿಂಗಳು ಬಾಕಿ. ನನ್ನ ಹಳೆಯ 8.25%ರ ಗೆರೆಯ ಪ್ರಕಾರ ಬೆಲೆ 16,800 ಇರಬೇಕಿತ್ತು, 10%ರ ಲೆಕ್ಕದಲ್ಲಿ ಸುಮಾರು 14,900ಕ್ಕೆ ಇಳಿಯಿತು. ಎರಡೂ ಮುಕ್ಕಾಲು ವರ್ಷದಲ್ಲಿ ಗಳಿಸಿದ್ದರ ಅರ್ಧಕ್ಕಿಂತ ಜಾಸ್ತಿ ಹೋಯ್ತು. ಬ್ರೋಕರನ್ನು ಕೇಳಿದರೆ ಅದಕ್ಕಿಂತಲೂ ಕಡಿಮೆ ಹೇಳಿದರು. "ಸರ್, ಕೊಳ್ಳೋರೇ ಇಲ್ಲ, ಬೇಕಾದ್ರೆ ಹಾಕಿ ನೋಡೋಣ" ಅಂದರು. ನಾನು ಹಾಕಲಿಲ್ಲ.

ಭಯ ಆಗಿದ್ದು ನಿಜ. ಸಮಾಧಾನ ಕೊಟ್ಟಿದ್ದು ಅದೇ ಎಕ್ಸೆಲ್ ಸಾಲು. ಬಡ್ಡಿದರ ಎಷ್ಟೇ ಹಾಕಿದರೂ ಘಾತದ ಜಾಗದಲ್ಲಿ ಸೊನ್ನೆ ಇಟ್ಟರೆ ಉತ್ತರ 30,000. 14,900ಕ್ಕೆ ಇಳಿದ ಬಾಂಡ್ ಅಲ್ಲಿಂದ ಮುಂದೆ ವರ್ಷಕ್ಕೆ 10%ರಂತೆ ಏರಬೇಕು, ಇಲ್ಲದಿದ್ದರೆ ಹೇಳಿದ ದಿನ ಹೇಳಿದ ಜಾಗ ಮುಟ್ಟುವುದಿಲ್ಲ. ಇನ್ನೊಂದು ಲೆಕ್ಕವನ್ನೂ ಮಾಡಿದೆ. ಇದೇ ಏಟು ಒಂದೇ ವರ್ಷ ಬಾಕಿ ಇರುವಾಗ ಬಿದ್ದಿದ್ದರೆ? ಬೆಲೆ 27,713ರ ಬದಲು 27,273. ಬರೀ 440 ರೂಪಾಯಿ ಕಡಿಮೆ. ಒಂದೇ ಸಲ ಭಾಗಿಸುವಾಗ ತಪ್ಪು ದರ ಬಿದ್ದರೂ ನಷ್ಟ ಚಿಕ್ಕದು, ಏಳು ಸಲ ಭಾಗಿಸುವಾಗ ಗುಣಿಸಿಕೊಂಡು ಬರುತ್ತದೆ. ನಡುವೆ ಬಡ್ಡಿ ಕೊಡುವ ಬಾಂಡುಗಳಿಗಿಂತ ಇದು ಹೆಚ್ಚು ಓಲಾಡುವುದೂ ಇದಕ್ಕೇ: ಇರುವ ದುಡ್ಡೆಲ್ಲ ಕೊನೆಯ ಒಂದೇ ದಿನದಲ್ಲಿದೆ.

2016ರ ಕೊನೆಯಲ್ಲಿ ಉಲ್ಟಾ ಆಯ್ತು. ನೋಟು ರದ್ದಾಗಿ ಬ್ಯಾಂಕುಗಳಲ್ಲಿ ದುಡ್ಡು ತುಂಬಿ ಇಳುವರಿ ಇಳಿಯಿತು. 7% ದರದಲ್ಲಿ, ನಾಲ್ಕು ವರ್ಷ ಬಾಕಿ ಇದ್ದಾಗ, ಬಾಂಡ್ 22,887 ಬಾಳುತ್ತಿತ್ತು. ನನ್ನ ಗೆರೆಗಿಂತ ಸಾವಿರ ರೂಪಾಯಿ ಮೇಲೆ. ಭಾವ "ಈಗಲೇ ಮಾರಿಬಿಡಿ" ಅಂದರು. ಆದರೆ ಆ ಸಾವಿರ ಹೊಸ ಲಾಭವಲ್ಲ. ಮುಂದೆ ಬರಬೇಕಾದ್ದು ಮೊದಲೇ ಬಂದಿದೆ, ಇನ್ನು ಉಳಿದ ದಾರಿಯಲ್ಲಿ ವರ್ಷಕ್ಕೆ 7% ಮಾತ್ರ. ಮಾರಿದ ದುಡ್ಡನ್ನು ಮತ್ತೆ ಎಲ್ಲಿ ಇಟ್ಟರೂ ಆಗ ಸಿಗುತ್ತಿದ್ದದ್ದು ಸುಮಾರು ಅಷ್ಟೇ. ಬಿಟ್ಟೆ.

ಈ ಲೆಕ್ಕ ಎಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ: ಕೊನೆಗೆ ದುಡ್ಡು ಕೊಡುವವರು ಕೊಡುತ್ತಾರೆ ಅನ್ನುವುದು. ಮುಖಬೆಲೆಯ ಕಡೆಗೆ ಎಳೆಯುವ ಶಕ್ತಿ ಗಣಿತದಲ್ಲಿಲ್ಲ, ಆ ಮಾತಿನಲ್ಲಿದೆ. ಬೇರೆ ಬಾಂಡಾದರೆ ವರ್ಷ ವರ್ಷ ಬಡ್ಡಿ ಬಂದು ಅರ್ಧ ದುಡ್ಡಾದರೂ ಕೈ ಸೇರಿರುತ್ತದೆ. ಇಲ್ಲಿ ಒಂಬತ್ತನೇ ವರ್ಷ ಕೈ ಎತ್ತಿದರೆ ನಿಮಗೆ ಸಿಕ್ಕಿರುವುದು ಸೊನ್ನೆ. ಇನ್ನೂ ಒಂದು ಸುಳಿವು: ಅವಧಿ ಹತ್ತಿರವಾದ ಬಾಂಡ್ ಮುಖಬೆಲೆಗಿಂತ ತುಂಬಾ ಕೆಳಗೇ ಉಳಿದಿದ್ದರೆ ಅದು ಅಗ್ಗ ಅಲ್ಲ, ಕೊಡುವವರ ಮೇಲೆ ಮಾರುಕಟ್ಟೆಗೆ ಅನುಮಾನ ಇದೆ ಅಂತ ಅರ್ಥ. ಸರ್ಕಾರಿ ಕಂಪನಿ ಅಂತ ನಾನು ಧೈರ್ಯ ಮಾಡಿದ್ದೆ. ಖಾಸಗಿ ಕಂಪನಿಯದ್ದು ಹತ್ತು ವರ್ಷಕ್ಕೆ ಖಂಡಿತ ತಗೊಳ್ಳುತ್ತಿರಲಿಲ್ಲ.

2020ರ ಡಿಸೆಂಬರಿನಲ್ಲಿ ಹತ್ತು ಬಾಂಡಿಗೆ 3 ಲಕ್ಷ ಖಾತೆಗೆ ಬಂತು. ಹಾಕಿದ್ದು 1,35,780. ಇಡೀ ಹತ್ತು ವರ್ಷ 8.25% ಸಿಕ್ಕಿತು, ನಡುವೆ ಬಂದ ಬಡ್ಡಿಯನ್ನು ಮತ್ತೆ ಎಲ್ಲಿಡುವುದು ಅನ್ನುವ ತಲೆನೋವೇ ಇರಲಿಲ್ಲ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ಅದು. ಇಷ್ಟವಾಗದ್ದು ಬೆಲೆ ಏರಿಕೆ: 2012, 2013ರಲ್ಲಿ ಸಾಮಾನುಗಳ ಬೆಲೆ ವರ್ಷಕ್ಕೆ 10% ಹತ್ತಿರ ಏರುತ್ತಿದ್ದಾಗ ನನ್ನ ಬಾಂಡ್ ನಿಜಕ್ಕೂ ಹಿಂದೆ ಬೀಳುತ್ತಿತ್ತು, ಮತ್ತು ಆ 30,000 ಯಾವ ಕಾರಣಕ್ಕೂ 30,001 ಆಗುವುದಿಲ್ಲ.

ತಿಂಗಳ ಖರ್ಚಿಗೆ ಬಡ್ಡಿ ನೆಚ್ಚಿಕೊಂಡ ಅಪ್ಪನಂಥವರಿಗೆ ಇದನ್ನು ಹೇಳಲ್ಲ. ನಡುವೆ ಮಾರಬೇಕಾಗಿ ಬರಬಹುದು ಅನ್ನುವವರಿಗೂ ಬೇಡ, ಕೊಳ್ಳುವವರು ಸಿಗುವುದೇ ಕಷ್ಟ. ಫೀಸು ಕಟ್ಟುವ ವರ್ಷ ಮೊದಲೇ ಗೊತ್ತಿದ್ದವರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಹೋದ ಆ ಒಂದು ಅಂಕ 2013ರ ಆಗಸ್ಟ್‌ನ ಲೆಕ್ಕಕ್ಕೆ.