ಸರ್ಟಿಫಿಕೇಟು: ತಾರೀಖಿನ ಸಾಲೋ, ಕೆಲಸದ ಸಾಲೋ?

ದಾವಣಗೆರೆಯಲ್ಲಿರುವ ಚಿಕ್ಕಪ್ಪನ ಮಗ ಕೇಳಿದ: "ಅಣ್ಣಾ, ರೆಸ್ಯೂಮೆಯಲ್ಲಿ ಸರ್ಟಿಫಿಕೇಟುಗಳನ್ನು ತಾರೀಖಿನ ಪ್ರಕಾರ ಹಾಕಲಾ, ಕೆಲಸಕ್ಕೆ ಬೇಕಾದ್ದು ಮೊದಲು ಹಾಕಲಾ?" ಅವನ ಹತ್ತಿರ ನೆಟ್‌ವರ್ಕ್ ಕೆಲಸದ ಸಿಸಿಎನ್‌ಎ ಇದೆ, ಅದಾದ ಮೇಲೆ ಮಾಡಿದ ಲೆಕ್ಕಪತ್ರದ ಟ್ಯಾಲಿ ಇದೆ. ಅಮೆಜಾನ್ ಕ್ಲೌಡ್‌ನ ಎಡಬ್ಲ್ಯೂಎಸ್ ಸರ್ಟಿಫಿಕೇಟಿಗೆ ಇನ್ನೂ ಓದುತ್ತಿದ್ದಾನೆ.

ತಾರೀಖಿನ ಸಾಲು ಸುಲಭ. ಹೊಸದನ್ನು ಮೇಲಿಟ್ಟರೆ ಆಯಿತು, ಪ್ರತಿ ಅರ್ಜಿಗೂ ತಿದ್ದಬೇಕಿಲ್ಲ. ಒಂದೇ ದಾರಿಯಲ್ಲಿ ಮೆಟ್ಟಿಲು ಹತ್ತಿದವರಿಗೆ ಇದೇ ಚೆಂದ. ಆದರೆ ನಮ್ಮ ಹುಡುಗನ ನೆಟ್‌ವರ್ಕ್ ಕೆಲಸದ ಅರ್ಜಿಯಲ್ಲಿ ಟ್ಯಾಲಿ ಮೇಲೆ ಕೂರುತ್ತದೆ. ನೋಡುವವರಿಗೆ ಗೊಂದಲ, ಅಲ್ವಾ? ಅಲ್ಲಿ ಸಿಸಿಎನ್‌ಎ ಮೊದಲು ಬರಲಿ. ಅಕ್ಕಿ ಗಿರಣಿಯ ಲೆಕ್ಕದ ಕೆಲಸಕ್ಕಾದರೆ ಟ್ಯಾಲಿ ಮೊದಲು, ಸಿಸಿಎನ್‌ಎ ಬಿಟ್ಟರೂ ನಡೆಯುತ್ತದೆ. ಪ್ರತಿ ಸಲ ತಿದ್ದುವ ಕೆಲಸ ಜಾಸ್ತಿ, ಅಷ್ಟೇ.

ಯಾವ ಸಾಲಾದರೂ ಪಡೆದ ತಿಂಗಳು, ವರ್ಷ ಬರೆಯಿರಿ. ಸಿಸಿಎನ್‌ಎ ಮೂರು ವರ್ಷಕ್ಕೆ ಮುಗಿಯುತ್ತದೆ. ಅವಧಿ ಮುಗಿದದ್ದನ್ನು ಚಾಲ್ತಿಯಲ್ಲಿದೆ ಎಂಬಂತೆ ತೋರಿಸಬೇಡಿ.

ಇನ್ನು ಎಡಬ್ಲ್ಯೂಎಸ್. ಪರೀಕ್ಷೆಯ ದಿನ ಬುಕ್ ಆಗಿದ್ದರೆ ಕೊನೆಯಲ್ಲಿ "ತಯಾರಿಯಲ್ಲಿದೆ, ಪರೀಕ್ಷೆ ಇಂಥ ತಿಂಗಳು" ಎಂದು ಹಾಕಬಹುದು. ಸುಮ್ನೆ ನಾಲ್ಕು ವಿಡಿಯೋ ನೋಡಿದ್ದರೆ ಬಿಡುವುದೇ ವಾಸಿ. ನಾನೊಮ್ಮೆ ಹಾಗೆ ಬರೆದಿದ್ದೆ. ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಅದರಿಂದ ಬಂತು, ತಡಬಡಾಯಿಸಿದೆ.